ಕಾರ್ಡ್ ಪರೀಕ್ಷೆಯಲ್ಲಿ ಪಟ್ಟು ಬಿಡದ ತಪ್ಪುಗಳು: ಫ್ರಂಟಲ್ ಲೋಬ್ ಬಗ್ಗೆ ಅವು ಹೇಳುವುದೆಷ್ಟು?

ಬೈಕ್ ಅಪಘಾತವಾಗಿಯೋ, ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದೋ ತಲೆಗೆ ಪೆಟ್ಟು ಮಾಡಿಕೊಂಡವರನ್ನು ಕೊಡಗಿನ ಮನೆಯವರು ಕೆಲವು ತಿಂಗಳ ನಂತರ ಮೈಸೂರಿಗೋ ಬೆಂಗಳೂರಿಗೋ ಕರೆದೊಯ್ಯುತ್ತಾರೆ. ವಾಪಸು ಬರುವಾಗ ಕಡತದಲ್ಲಿ ನೆನಪು, ಗಮನ, ಯೋಚನೆಗಳನ್ನು ಪರೀಕ್ಷಿಸಿ ಬರೆದ ನ್ಯೂರೋಸೈಕಾಲಜಿ ವರದಿಯೂ ಇರುತ್ತದೆ. ಅದರಲ್ಲಿ ಇಂಥದೊಂದು ಸಾಲು ಆಗಾಗ ಕಾಣುತ್ತದೆ: ಕಾರ್ಡ್ ಸಾರ್ಟಿಂಗ್ ಪರೀಕ್ಷೆಯಲ್ಲಿ ಪರ್ಸೆವರೇಟಿವ್ ತಪ್ಪುಗಳು ಹೆಚ್ಚಿವೆ, ಫ್ರಂಟಲ್ ಲೋಬ್ ಕಾರ್ಯದಲ್ಲಿ ಕೊರತೆ ಇದೆ. ಪರಿಹಾರದ ಮೊಕದ್ದಮೆ ನಡೆಸುವ ವಕೀಲರು ಆ ಸಾಲನ್ನು 'ಮಿದುಳಿನ ಮುಂಭಾಗ ಹಾಳಾಗಿದೆ' ಎಂದು ಓದುತ್ತಾರೆ. ಎದುರು ಕಕ್ಷಿಯವರು ಸಿಟಿ ಸ್ಕ್ಯಾನ್ ಮುಂದಿಟ್ಟು 'ಮುಂಭಾಗ ಸರಿಯಾಗಿಯೇ ಇದೆಯಲ್ಲ' ಎನ್ನುತ್ತಾರೆ. ಎರಡೂ ಓದು ಅವಸರದ್ದು. ಆ ತಪ್ಪುಗಳು ನಿಜವಾಗಿಯೂ ಒಂದು ವಿಷಯವನ್ನು ಹೇಳುತ್ತವೆ, ಆದರೆ ಅದು ಮಿದುಳಿನ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುವ ವಿಷಯವಲ್ಲ.

ಈ ಪರೀಕ್ಷೆಯ ಹೆಸರು ವಿಸ್ಕಾನ್ಸಿನ್ ಕಾರ್ಡ್ ಸಾರ್ಟಿಂಗ್ ಟೆಸ್ಟ್. ಡೇವಿಡ್ ಗ್ರಾಂಟ್ ಮತ್ತು ಎಸ್ಟಾ ಬರ್ಗ್ 1948ರಲ್ಲಿ ಇದನ್ನು ಪ್ರಕಟಿಸಿದರು. ಮೇಜಿನ ಮೇಲೆ ನಾಲ್ಕು ಮಾದರಿ ಕಾರ್ಡ್‌ಗಳನ್ನು ಎಡದಿಂದ ಬಲಕ್ಕೆ ಇಡುತ್ತಾರೆ: ಒಂದು ಕೆಂಪು ತ್ರಿಕೋನ, ಎರಡು ಹಸಿರು ನಕ್ಷತ್ರ, ಮೂರು ಹಳದಿ ಶಿಲುಬೆ, ನಾಲ್ಕು ನೀಲಿ ವೃತ್ತ. ಪರೀಕ್ಷೆಗೆ ಕುಳಿತವರ ಕೈಗೆ 64 ಕಾರ್ಡ್‌ಗಳ ಎರಡು ಕಟ್ಟು, ಒಟ್ಟು 128, ಒಂದಾದ ಮೇಲೊಂದು ಬರುತ್ತದೆ. ಪ್ರತಿ ಕಾರ್ಡನ್ನೂ ನಾಲ್ಕು ಮಾದರಿಗಳಲ್ಲಿ ಯಾವುದಕ್ಕೆ ಹೊಂದುತ್ತದೆ ಅನ್ನಿಸುತ್ತದೋ ಅದರ ಕೆಳಗೆ ಇಡಬೇಕು. ಬಣ್ಣ ನೋಡಬೇಕೋ, ಆಕಾರವೋ, ಸಂಖ್ಯೆಯೋ ಎಂದು ಪರೀಕ್ಷಕರು ಹೇಳುವುದಿಲ್ಲ. ಇಟ್ಟ ಮೇಲೆ 'ಸರಿ' ಅಥವಾ 'ತಪ್ಪು' ಎನ್ನುವುದಷ್ಟೇ ಅವರ ಕೆಲಸ. ಮೊದಲು ಬಣ್ಣ ಸರಿಯಾದ ನಿಯಮ. ಸತತ ಹತ್ತು ಸರಿ ಬಂದೊಡನೆ ಯಾವ ಸೂಚನೆಯೂ ಇಲ್ಲದೆ ನಿಯಮ ಆಕಾರಕ್ಕೆ ಬದಲಾಗುತ್ತದೆ, ಆಮೇಲೆ ಸಂಖ್ಯೆಗೆ, ಮತ್ತೆ ಅದೇ ಸರದಿ. ಒಂದು ನಿಯಮಕ್ಕೆ ಸತತ ಹತ್ತು ಸರಿ ಬಂದರೆ ಒಂದು ವಿಭಾಗ ಮುಗಿದಂತೆ. ಆರು ವಿಭಾಗ ಮುಗಿದರೆ ಅಥವಾ ಕಾರ್ಡ್‌ಗಳು ಖಾಲಿಯಾದರೆ ಪರೀಕ್ಷೆ ಮುಗಿಯಿತು.

ನಿಯಮ ಬದಲಾಗಿ, 'ತಪ್ಪು' ಎಂದು ಕಿವಿಗೆ ಬಿದ್ದ ಮೇಲೂ ಹಳೆಯ ನಿಯಮದಂತೆಯೇ ಇಡುತ್ತ ಹೋಗುವುದು ಪರ್ಸೆವರೇಟಿವ್ ತಪ್ಪು, ಅಂದರೆ ಪಟ್ಟು ಬಿಡದ ತಪ್ಪು. ಮಾತಿನಲ್ಲಿ ಇದು ಸುಲಭ. ಆದರೆ ಎಣಿಸುವಾಗ ಸೂಕ್ಷ್ಮಗಳಿವೆ, ಹಾಗಾಗಿ ಒಂದು ಉದಾಹರಣೆಯನ್ನು ಕಾರ್ಡ್ ಕಾರ್ಡಾಗಿ ನೋಡುವುದು ಒಳ್ಳೆಯದು. ಇದು ವಿವರಣೆಗೆಂದು ಕಟ್ಟಿದ ಪ್ರಕರಣ.

ಸಿದ್ದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ಕೂಲಿಯ ಲೆಕ್ಕ ಬರೆಯುವ ರೈಟರ್ ಒಬ್ಬರು ಎಂದುಕೊಳ್ಳೋಣ. ವಯಸ್ಸು 42, ಪಿಯುಸಿ ಓದಿದ್ದಾರೆ. ಮಳೆಗಾಲದಲ್ಲಿ ಬೈಕ್ ಜಾರಿ ತಲೆಗೆ ಪೆಟ್ಟಾಯಿತು, ಒಂದು ದಿನ ಪ್ರಜ್ಞೆ ಇರಲಿಲ್ಲ. ಎಂಟು ತಿಂಗಳ ಮೇಲೆ ನಡಿಗೆ, ಮಾತು, ನೆನಪು ಎಲ್ಲ ಚೆನ್ನಾಗಿಯೇ ಇವೆ. ಆದರೆ ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾ ಶುರುವಾದಾಗ ಕೆಜಿಗೆ ಕೊಡುವ ಕೂಲಿ ದರ ಬದಲಾಯಿತು, ಅವರು ಮಾತ್ರ ಪುಸ್ತಕದಲ್ಲಿ ಹಳೆಯ ದರವನ್ನೇ ಬರೆಯುತ್ತ ಹೋದರು. ಹೆಂಡತಿ ಹೇಳುವುದು ಹೀಗೆ: "ರೇಟು ಬದಲಾಗಿದೆ ಅಂತ ನನಗೆ ಅವರೇ ಹೇಳ್ತಾರೆ. ಪೆನ್ನು ಹಿಡಿದ್ರೆ ಹಳೇ ರೇಟೇ ಬರೀತಾರೆ."

ಕಾರ್ಡ್ ಪರೀಕ್ಷೆಯಲ್ಲಿ ಅವರು ಬಣ್ಣದ ನಿಯಮವನ್ನು ಬೇಗನೆ ಹಿಡಿದು ಸತತ ಹತ್ತು ಸರಿ ಮಾಡಿದರು. ಈಗ ಸರಿಯಾದ ನಿಯಮ ಆಕಾರ, ಅವರಿಗೆ ಗೊತ್ತಿಲ್ಲ. ಮೊದಲು ಬಂದದ್ದು ಒಂದು ಹಸಿರು ವೃತ್ತ. ಬಣ್ಣ ನೋಡಿ ಹಸಿರು ನಕ್ಷತ್ರದ ಕೆಳಗಿಟ್ಟರು, ಉತ್ತರ 'ತಪ್ಪು'. ಈ ತಪ್ಪು ಯಾರಿಗೂ ತಪ್ಪಿದ್ದಲ್ಲ, ನಿಯಮ ಬದಲಾದದ್ದು ತಿಳಿಯುವುದೇ ಅದರಿಂದ. ಎರಡನೆಯದು ಮೂರು ಕೆಂಪು ವೃತ್ತ. ಅವರು ಮತ್ತೆ ಬಣ್ಣ ನೋಡಿ ಕೆಂಪು ತ್ರಿಕೋನದ ಕೆಳಗಿಟ್ಟರು, 'ತಪ್ಪು'. ಮೂರನೆಯದು ನಾಲ್ಕು ಹಳದಿ ತ್ರಿಕೋನ. ಹಳದಿ ಶಿಲುಬೆಯ ಕೆಳಗೆ ಹೋಯಿತು, 'ತಪ್ಪು'. ನಾಲ್ಕನೆಯದು ಎರಡು ನೀಲಿ ವೃತ್ತ. ಅದನ್ನು ನೀಲಿ ವೃತ್ತಗಳ ಕೆಳಗಿಟ್ಟಾಗ 'ಸರಿ' ಎಂಬ ಉತ್ತರ ಬಂತು. ಅವರು ನೋಡಿದ್ದು ಬಣ್ಣವನ್ನೇ, ಆದರೆ ಆ ಕಾರ್ಡಿನಲ್ಲಿ ಬಣ್ಣವೂ ಆಕಾರವೂ ಒಂದೇ ಮಾದರಿಗೆ ಹೊಂದುತ್ತವೆ. ಐದನೆಯದು ಒಂದು ಹಳದಿ ನಕ್ಷತ್ರ. ಅದೂ ಹಳದಿ ಶಿಲುಬೆಯ ಕೆಳಗೆ ಹೋಯಿತು, 'ತಪ್ಪು'.

ಇದೇ ಐದು ಕಾರ್ಡ್‌ಗಳಿಗೆ ಇನ್ನೊಬ್ಬರು ಹೇಗೆ ಪ್ರತಿಕ್ರಿಯಿಸಬಹುದು ನೋಡಿ. ಮೊದಲನೆಯದು ಬಣ್ಣಕ್ಕೆ, ತಪ್ಪು. ಎರಡನೆಯದನ್ನು ಸಂಖ್ಯೆ ನೋಡಿ ಮೂರು ಶಿಲುಬೆಯ ಕೆಳಗಿಡುತ್ತಾರೆ, ಅದೂ ತಪ್ಪು. ಮೂರನೆಯದನ್ನು ಆಕಾರ ನೋಡಿ ತ್ರಿಕೋನದ ಕೆಳಗಿಡುತ್ತಾರೆ, ಸರಿ. ಮುಂದಿನ ಎರಡೂ ಸರಿ. ಇವರದು ಎರಡು ತಪ್ಪಾಯಿತು. ಆದರೆ ಎರಡನೆಯ ತಪ್ಪು ಹುಡುಕಾಟದ ತಪ್ಪು, ಮೊದಲನೆಯ 'ತಪ್ಪು' ಎಂಬ ಮಾತನ್ನು ಬಳಸಿಕೊಂಡು ಮಾಡಿದ್ದು. ಇದು ಪರ್ಸೆವರೇಟಿವ್ ಎಣಿಕೆಗೆ ಬರುವುದಿಲ್ಲ.

ರೈಟರ್ ಅವರ ನಾಲ್ಕನೆಯ ಕಾರ್ಡ್ ಇಡೀ ಎಣಿಕೆಯ ಕಗ್ಗಂಟು. ರಾಬರ್ಟ್ ಹೀಟನ್ 1981ರಲ್ಲಿ ಕೈಪಿಡಿ ಬರೆದು, 1993ರಲ್ಲಿ ಸಹಲೇಖಕರೊಡನೆ ಪರಿಷ್ಕರಿಸಿದ ಕ್ರಮದಲ್ಲಿ, ಇಂಥ ಎರಡರ್ಥದ ಉತ್ತರದ ಹಿಂದೆಯೂ ಮುಂದೆಯೂ ಸ್ಪಷ್ಟ ಪರ್ಸೆವರೇಟಿವ್ ಉತ್ತರಗಳಿದ್ದು, ನಡುವಿನವೆಲ್ಲ ಅದೇ ಹಳೆಯ ನಿಯಮಕ್ಕೆ ಹೊಂದುತ್ತಿದ್ದರೆ, ನಡುವಿನದನ್ನೂ ಪರ್ಸೆವರೇಟಿವ್ ಉತ್ತರ ಎಂದೇ ಎಣಿಸುತ್ತಾರೆ. ಆದರೆ ಉತ್ತರ 'ಸರಿ' ಆದ್ದರಿಂದ ಅದು ತಪ್ಪಿನ ಲೆಕ್ಕಕ್ಕೆ ಸೇರದು. ಹಾಗಾಗಿ ವರದಿಯಲ್ಲಿ 'ಪರ್ಸೆವರೇಟಿವ್ ಉತ್ತರಗಳು' ಮತ್ತು 'ಪರ್ಸೆವರೇಟಿವ್ ತಪ್ಪುಗಳು' ಎಂದು ಎರಡು ಬೇರೆ ಅಂಕಗಳಿರುತ್ತವೆ, ಮೊದಲನೆಯದು ಸಾಮಾನ್ಯವಾಗಿ ದೊಡ್ಡದು. ಇವೆರಡನ್ನು ಕಲಸಿಬಿಟ್ಟ ವರದಿಗಳನ್ನು ನಂಬುವ ಮೊದಲು ಮೂಲ ಉತ್ತರ ಹಾಳೆ ಕೇಳಿ ಪಡೆಯುವುದು ವಾಸಿ. ಕೈಯಲ್ಲಿ ಎಣಿಸಿದಾಗ ಎಡವುವ ಜಾಗ ಇದೇ.

ರೋಗದ ದೃಷ್ಟಿಯಿಂದಲೂ ಆ ಕಾರ್ಡ್ ಮುಖ್ಯ. ಹಳೆಯ ನಿಯಮಕ್ಕೆ ಆಗೊಮ್ಮೆ ಈಗೊಮ್ಮೆ ಹೀಗೆ ಆಕಸ್ಮಿಕವಾಗಿ 'ಸರಿ' ಸಿಗುತ್ತಲೇ ಇರುತ್ತದೆ. ಆರೋಗ್ಯವಂತ ಮನಸ್ಸು ಹಿಂದಿನ ಮೂರು 'ತಪ್ಪು'ಗಳನ್ನು ನೆನಪಿಟ್ಟುಕೊಂಡು ಆ ಒಂದು 'ಸರಿ'ಯನ್ನು ಅನುಮಾನದಿಂದ ನೋಡುತ್ತದೆ. ಹಿಂದಿನ ಫಲಿತಾಂಶಗಳನ್ನು ಕೂಡಿಸಿ ತೂಗಲಾಗದವರಿಗೆ ಆ ಒಂದು 'ಸರಿ' ಸಾಕು, ಮತ್ತೆ ಹಳೆಯ ಜಾಡಿಗೇ ಅಂಟಿಕೊಳ್ಳುತ್ತಾರೆ.

128 ಕಾರ್ಡ್ ಮುಗಿದಾಗ ರೈಟರ್ ಅವರ ಲೆಕ್ಕ ಹೀಗಿತ್ತು ಎನ್ನೋಣ: 67 ಸರಿ, 61 ತಪ್ಪು, ಅದರಲ್ಲಿ 44 ಪರ್ಸೆವರೇಟಿವ್, ಮುಗಿಸಿದ ವಿಭಾಗ ಎರಡು. ಒಟ್ಟು ಕಾರ್ಡ್‌ಗಳಲ್ಲಿ ಪರ್ಸೆವರೇಟಿವ್ ತಪ್ಪು ಶೇ 34ರಷ್ಟು. ಈಗ ಇನ್ನೊಬ್ಬರನ್ನು ಪಕ್ಕದಲ್ಲಿಡಿ. ಅವರದೂ 67 ಸರಿ, 61 ತಪ್ಪು, ಆದರೆ ಪರ್ಸೆವರೇಟಿವ್ ಬರೀ 18, ಮುಗಿದ ವಿಭಾಗ ಒಂದು. ಐದಾರು ಸರಿಯಾದ ಮೇಲೆ ನಿಯಮ ಕೈತಪ್ಪಿದ ಪ್ರಸಂಗ ನಾಲ್ಕು ಸಲ. ಒಟ್ಟು ತಪ್ಪಿನ ಲೆಕ್ಕದಲ್ಲಿ ಇಬ್ಬರೂ ಒಂದೇ, ತೊಂದರೆ ಮಾತ್ರ ಬೇರೆ ಬೇರೆ. ಮೊದಲನೆಯವರು ನಿಯಮವನ್ನು ಹಿಡಿಯಬಲ್ಲರು, ಬಿಡಲಾರರು. ಎರಡನೆಯವರು ಹಿಡಿದದ್ದನ್ನು ಉಳಿಸಿಕೊಳ್ಳಲಾರರು, ಗಮನ ಜಾರುತ್ತದೆ. 'ಫ್ರಂಟಲ್ ಕೊರತೆ' ಎಂಬ ಒಂದೇ ಪದದಲ್ಲಿ ಇಬ್ಬರನ್ನೂ ಮುಗಿಸುವ ವರದಿ ಕೆಲಸಕ್ಕೆ ಬಾರದು.

ಇನ್ನು ಮಿದುಳಿನ ವಿಷಯ. ಈ ಪರೀಕ್ಷೆಗೆ ಫ್ರಂಟಲ್ ಲೋಬ್‌ನ ನಂಟು ಅಂಟಿದ್ದು ಮುಖ್ಯವಾಗಿ ಬ್ರೆಂಡಾ ಮಿಲ್ನರ್ ಅವರಿಂದ. ಮಾಂಟ್ರಿಯಲ್‌ನಲ್ಲಿ ಅಪಸ್ಮಾರಕ್ಕಾಗಿ ಮಿದುಳಿನ ಒಂದು ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡವರನ್ನು ಅವರು ಪರೀಕ್ಷಿಸಿ, 1963ರಲ್ಲಿ ಫಲಿತಾಂಶ ಪ್ರಕಟಿಸಿದರು. ಫ್ರಂಟಲ್ ಲೋಬ್‌ನ ಮೇಲ್ಪಕ್ಕದ ಭಾಗ, ಅಂದರೆ ಡಾರ್ಸೋಲ್ಯಾಟರಲ್ ಪ್ರದೇಶವನ್ನು ಕಳೆದುಕೊಂಡವರು ಕಡಿಮೆ ವಿಭಾಗ ಮುಗಿಸಿದರು, ಹಳೆಯ ನಿಯಮಕ್ಕೆ ಅಂಟಿಕೊಂಡು ತಪ್ಪಿದರು. ಬೇರೆ ಕಡೆ ಶಸ್ತ್ರಚಿಕಿತ್ಸೆಯಾದವರಲ್ಲಿ ಅಷ್ಟು ಕಾಣಲಿಲ್ಲ. ಆ ಭಾಗದ ಕೆಲಸವೇ ಹಾಗಿದೆ: ಸದ್ಯ ಪಾಲಿಸುತ್ತಿರುವ ನಿಯಮವನ್ನು ಮನಸ್ಸಿನಲ್ಲಿ ಹಿಡಿದಿಡುವುದು, ಬಂದ ಫಲಿತಾಂಶವನ್ನು ಅದರೊಂದಿಗೆ ಹೋಲಿಸಿ ನೋಡುತ್ತಿರುವುದು.

ಆದರೆ ನಿಯಮ ಬದಲಿಸುವ ಕೆಲಸ ಆ ಒಂದು ಜಾಗದ್ದಷ್ಟೇ ಅಲ್ಲ. ಇದೇ ಕಾರ್ಡ್ ಕೆಲಸವನ್ನು ಎಂಆರ್‌ಐ ಯಂತ್ರದೊಳಗೆ ಮಾಡಿಸಿ 2001ರಲ್ಲಿ ಮೊಂಚಿ ಮತ್ತು ಸಂಗಡಿಗರು ತೋರಿಸಿದ್ದು ಸ್ವಾರಸ್ಯಕರವಾಗಿದೆ. 'ತಪ್ಪು' ಎಂಬ ಉತ್ತರ ಬಂದ ಗಳಿಗೆಯಲ್ಲಿ ಫ್ರಂಟಲ್ ಲೋಬ್‌ನ ಕೆಳಪಕ್ಕದ ಭಾಗದ ಜೊತೆಗೆ, ಮಿದುಳಿನ ಆಳದಲ್ಲಿರುವ ಕಾಡೇಟ್ ಮತ್ತು ಥಾಲಮಸ್‌ಗಳೂ ಚುರುಕಾಗುತ್ತವೆ. ಇದು ಫ್ರಂಟಲ್ ಲೋಬ್‌ನಿಂದ ಆಳಕ್ಕಿಳಿದು ಮತ್ತೆ ಮೇಲಕ್ಕೆ ಬರುವ ಒಂದು ಸುತ್ತು ದಾರಿ. ದಾರಿಯ ಯಾವ ತಾವು ಕೆಟ್ಟರೂ ಮೇಜಿನ ಮೇಲೆ ಕಾಣುವ ತಪ್ಪು ಒಂದೇ ಥರ ಇರಬಹುದು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಫ್ರಂಟಲ್ ಲೋಬ್‌ಗೆ ನೇರ ಗಾಯವಿಲ್ಲದೆಯೂ ಪರ್ಸೆವರೇಟಿವ್ ತಪ್ಪು ಹೆಚ್ಚಾಗುವುದು ಇದರಿಂದಲೇ, ಅಲ್ಲಿ ಕಾಡೇಟ್‌ಗೆ ಸಿಗಬೇಕಾದ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗಿರುತ್ತದೆ. ಬಹಳ ವರ್ಷ ವಿಪರೀತ ಕುಡಿದವರಲ್ಲೂ, ಸ್ಕಿಝೋಫ್ರೀನಿಯಾ ಇರುವವರಲ್ಲೂ, ಬಿಳಿ ನರತಂತುಗಳಲ್ಲಿ ಸಣ್ಣ ಸಣ್ಣ ಪಾರ್ಶ್ವವಾಯು ಆದ ವಯಸ್ಸಾದವರಲ್ಲೂ ಇದನ್ನು ಕಾಣುತ್ತೇವೆ. ಬೈಕ್ ಅಪಘಾತದಲ್ಲಿ ತಲೆ ರಭಸದಿಂದ ತಿರುಗಿದಾಗ ಉದ್ದುದ್ದದ ನರತಂತುಗಳು ಎಳೆದು ಹರಿಯುತ್ತವೆ. ಅದು ಸಿಟಿ ಸ್ಕ್ಯಾನ್‌ನಲ್ಲಿ ಕಾಣದೆಯೇ ಹೋಗಬಹುದು. ರೈಟರ್ ಅವರ ಸ್ಕ್ಯಾನ್ 'ನಾರ್ಮಲ್' ಎಂದಿದ್ದರೂ ಅವರ 44 ತಪ್ಪುಗಳು ಸುಳ್ಳಾಗುವುದಿಲ್ಲ.

ಈ ವಾದಕ್ಕೆ ಗಟ್ಟಿ ಆಧಾರ 1991ರಲ್ಲಿ ಆಂಡರ್ಸನ್, ಡಮಾಸಿಯೊ ಮತ್ತಿತರರು ಮಾಡಿದ ಅಧ್ಯಯನ. ಮಿದುಳಿನ ಒಂದೊಂದೇ ಜಾಗದಲ್ಲಿ ಗಾಯವಿದ್ದವರನ್ನು ಸ್ಕ್ಯಾನ್ ಆಧಾರದ ಮೇಲೆ ಬೇರ್ಪಡಿಸಿ ನೋಡಿದಾಗ, ಫ್ರಂಟಲ್ ಗಾಯವಿದ್ದವರ ಮತ್ತು ಇಲ್ಲದವರ ಅಂಕಗಳಲ್ಲಿ ಅರ್ಥಪೂರ್ಣ ವ್ಯತ್ಯಾಸ ಸಿಗಲಿಲ್ಲ. ಫ್ರಂಟಲ್ ಲೋಬ್‌ನಲ್ಲಿ ದೊಡ್ಡ ಗಾಯವಿದ್ದೂ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದವರಿದ್ದರು, ಬೇರೆಡೆ ಗಾಯವಾಗಿ ಕೆಟ್ಟದಾಗಿ ಮಾಡಿದವರೂ ಇದ್ದರು. ಗುಂಪುಗಳ ಸರಾಸರಿಯಲ್ಲಿ ಫ್ರಂಟಲ್ ಗಾಯಕ್ಕೂ ಈ ತಪ್ಪುಗಳಿಗೂ ನಂಟಿದೆ ಎಂದು ತೋರಿಸಿದ ಅಧ್ಯಯನಗಳೂ ಬೇಕಾದಷ್ಟಿವೆ. ಅಂದರೆ ಗುಂಪಿಗೆ ಒಪ್ಪುವ ಮಾತನ್ನು ಎದುರಿಗೆ ಕುಳಿತ ಒಬ್ಬ ವ್ಯಕ್ತಿಯ ಮಿದುಳಿನ ಜಾಗ ಗುರುತಿಸಲು ಬಳಸಬಾರದು.

ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿದೆ, ಅದು ಒಳ್ಳೆಯ ಅಂಕ ಬಂದಾಗ ಆಗುವಂಥದ್ದು. ಎಸ್ಲಿಂಗರ್ ಮತ್ತು ಡಮಾಸಿಯೊ 1985ರಲ್ಲಿ ವರದಿ ಮಾಡಿದ ಇವಿಆರ್ ಎಂಬ ರೋಗಿಗೆ ಮಿದುಳಿನ ಪೊರೆಯ ಗೆಡ್ಡೆ ತೆಗೆಯುವಾಗ ಫ್ರಂಟಲ್ ಲೋಬ್‌ನ ಕೆಳ ಮತ್ತು ಒಳ ಭಾಗ ಹೋಯಿತು. ಆಮೇಲೆ ಅವರ ಬದುಕು ಹಳಿ ತಪ್ಪಿತು: ಕೆಲಸ ಹೋಯಿತು, ವ್ಯವಹಾರ ಮುಳುಗಿತು, ಸಂಸಾರ ಮುರಿಯಿತು. ಆದರೂ ಕಾರ್ಡ್ ಪರೀಕ್ಷೆಯಲ್ಲಿ ಅವರ ಫಲಿತಾಂಶ ಚೆನ್ನಾಗಿಯೇ ಇತ್ತು. ಕಣ್ಣುಗುಳಿಗಳ ಮೇಲೆ ಕೂತಿರುವ ಆ ಭಾಗದ ಅಡಿಯಲ್ಲಿ ತಲೆಬುರುಡೆಯ ಮೂಳೆ ಉಬ್ಬುತಗ್ಗಾಗಿದೆ, ಆದ್ದರಿಂದ ರಸ್ತೆ ಅಪಘಾತದಲ್ಲಿ ಹೆಚ್ಚಾಗಿ ತರಚುವುದು ಅದೇ ಭಾಗ. ಅಂಥವರು ಸಿಟ್ಟು ತಡೆಯಲಾರರು, ಸಾಲ ಮಾಡುತ್ತಾರೆ, ಯಾರೆದುರು ಏನು ಮಾತಾಡಬಾರದೋ ಅದನ್ನೇ ಆಡುತ್ತಾರೆ. 'ಕಾರ್ಡ್ ಪರೀಕ್ಷೆ ನಾರ್ಮಲ್ ಇದೆ, ಫ್ರಂಟಲ್ ಲೋಬ್‌ಗೆ ಏನೂ ಆಗಿಲ್ಲ' ಎಂದು ಅವರ ಮನೆಯವರಿಗೆ ಹೇಳುವುದು ಅನ್ಯಾಯ. ಮನೆಯವರು ಹೇಳುವ ನಡವಳಿಕೆಯ ವಿವರಕ್ಕೆ ಇಂಥಲ್ಲಿ ಅಂಕಕ್ಕಿಂತ ಹೆಚ್ಚು ತೂಕ ಕೊಡಲೇಬೇಕು.

ಕೊಡಗಿನಿಂದ ಹೋದವರ ವರದಿ ಓದುವಾಗ ಮೊದಲು ನೋಡಬೇಕಾದದ್ದು ಓದು ಮತ್ತು ಭಾಷೆ. ಒಂದು ವಸ್ತುವನ್ನು ಬಣ್ಣ, ಆಕಾರ, ಸಂಖ್ಯೆ ಎಂದು ಬಿಡಿಸಿ ನೋಡುವ ರೂಢಿ ಬಹುಮಟ್ಟಿಗೆ ಶಾಲೆಯಿಂದ ಬರುತ್ತದೆ. ಶಾಲೆಯ ಮುಖ ನೋಡದ ತೋಟದ ಕಾರ್ಮಿಕರಿಗೆ, ಮಿದುಳು ಪೂರ್ತಿ ಸರಿಯಿದ್ದರೂ, ಮೊದಲ ವಿಭಾಗ ಮುಗಿಸುವುದೇ ಕಷ್ಟವಾಗಬಹುದು. 2004ರಲ್ಲಿ ಬಂದ ನಿಮ್ಹಾನ್ಸ್ ನ್ಯೂರೋಸೈಕಾಲಜಿ ಬ್ಯಾಟರಿ ಎಂಬ ಪರೀಕ್ಷೆಗಳ ಕಟ್ಟಿನಲ್ಲಿ ಈ ಪರೀಕ್ಷೆಗೂ ನಮ್ಮ ಜನರ ಮಾನದಂಡಗಳಿವೆ, ವಯಸ್ಸು ಮತ್ತು ಓದಿಗೆ ತಕ್ಕಂತೆ ವಿಂಗಡಿಸಿವೆ. ವರದಿಯಲ್ಲಿ ಯಾವ ಮಾನದಂಡಕ್ಕೆ ಹೋಲಿಸಿದ್ದಾರೆ ಎಂಬುದನ್ನು ಬರೆದಿರದಿದ್ದರೆ ಕೇಳಿ. ಅಮೆರಿಕದ ಕೋಷ್ಟಕಕ್ಕೆ ಹೋಲಿಸಿದ್ದರೆ ಆ ಅಂಕ ನಂಬಲರ್ಹವಲ್ಲ. ಸೂಚನೆ ಕೊಟ್ಟ ಭಾಷೆಯೂ ಮುಖ್ಯ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಅಥವಾ ಯರವ ಮಾತಾಡುವವರಿಗೆ ಇಂಗ್ಲಿಷ್ ಬೆರೆತ ಅವಸರದ ಕನ್ನಡದಲ್ಲಿ ಸೂಚನೆ ಕೊಟ್ಟರೆ, ಅವರು ತಮಗೆ ಅರ್ಥವಾದ ಒಂದೇ ಕೆಲಸವನ್ನು ಕೊನೆತನಕ ಮಾಡುತ್ತ ಕೂರಬಹುದು. ಹಾಳೆಯ ಮೇಲೆ ಅದು ಪರ್ಸೆವರೇಶನ್‌ನಂತೆಯೇ ಕಾಣುತ್ತದೆ. ಪತ್ತೆ ಹಚ್ಚುವ ದಾರಿ ಎಂದರೆ, ಮೊದಲ ವಿಭಾಗ ಮುಗಿಸಲು ಎಷ್ಟು ಕಾರ್ಡ್ ಹಿಡಿಯಿತು ಎಂದು ನೋಡುವುದು. ರೈಟರ್ ಅವರಂತೆ ಮೊದಲ ನಿಯಮವನ್ನು ಬೇಗ ಹಿಡಿದು ಬದಲಾವಣೆಯಲ್ಲಿ ಮಾತ್ರ ಸಿಕ್ಕಿಕೊಂಡವರ ತೊಂದರೆ ಸೂಚನೆ ಅರ್ಥವಾಗದ್ದರಿಂದ ಬಂದದ್ದಲ್ಲ. ಮೊದಲ ವಿಭಾಗಕ್ಕೇ ಐವತ್ತು ಅರವತ್ತು ಕಾರ್ಡ್ ತೆಗೆದುಕೊಂಡವರ ಪರ್ಸೆವರೇಟಿವ್ ಅಂಕದಿಂದ ಫ್ರಂಟಲ್ ಲೋಬ್ ಬಗ್ಗೆ ಏನನ್ನೂ ಹೇಳದಿರುವುದೇ ಕ್ಷೇಮ. ಕೆಂಪು ಹಸಿರು ಬೇರ್ಪಡಿಸಲಾಗದ ವರ್ಣಕುರುಡು ಇದೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ, ಆದರೂ ಅದನ್ನು ಮರೆಯುವವರಿದ್ದಾರೆ.

ಪರೀಕ್ಷೆ ನಡೆಸುವಾಗಲೂ ಎಡವಟ್ಟುಗಳಾಗುತ್ತವೆ. ಕಾರ್ಡ್‌ಗಳ ಕ್ರಮ ನಿಗದಿಯಾದದ್ದು, ಕಲಸಿದರೆ ಎಣಿಕೆಯ ಲೆಕ್ಕ ಕೆಡುತ್ತದೆ. ಜೊತೆಗೆ ಬಂದವರು ಪಕ್ಕದಲ್ಲಿ ಕೂತು 'ಬಣ್ಣ ಅಲ್ಲ, ಬೇರೆ ನೋಡಿ' ಎಂದು ಪಿಸುಗುಟ್ಟಿದರೆ ಅಲ್ಲಿಗೆ ಪರೀಕ್ಷೆ ಮುಗಿದಂತೆ. ಕರುಣೆಯಿಂದ ಪರೀಕ್ಷಕರೇ ಸುಳಿವು ಕೊಡುವುದೂ ಉಂಟು. 128 ಕಾರ್ಡಿನದಲ್ಲದೆ 64 ಕಾರ್ಡಿನ ಚಿಕ್ಕ ರೂಪವೂ, 1976ರಲ್ಲಿ ನೆಲ್ಸನ್ ರೂಪಿಸಿದ 48 ಕಾರ್ಡಿನ ರೂಪವೂ ಬಳಕೆಯಲ್ಲಿವೆ. ನೆಲ್ಸನ್ ರೂಪದಲ್ಲಿ ಎರಡರ್ಥದ ಕಾರ್ಡ್‌ಗಳನ್ನು ತೆಗೆದುಹಾಕಿದ್ದಾರೆ, ಸತತ ಆರು ಸರಿಯಾದಾಗ ನಿಯಮ ಬದಲಾಗಿದೆ ಎಂದು ಬಾಯಿಬಿಟ್ಟು ಹೇಳುತ್ತಾರೆ. ಹೇಳಿದ ಮೇಲೂ ಹಳೆಯದಕ್ಕೆ ಅಂಟಿಕೊಳ್ಳುವುದಕ್ಕೂ, ಹೇಳದಿದ್ದಾಗ ಅಂಟಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಒಂದರ ಅಂಕವನ್ನು ಇನ್ನೊಂದರ ಪಕ್ಕದಲ್ಲಿಟ್ಟು 'ಸುಧಾರಿಸಿದೆ' ಅಥವಾ 'ಹದಗೆಟ್ಟಿದೆ' ಎನ್ನುವಂತಿಲ್ಲ.

ಮತ್ತೆ ಪರೀಕ್ಷಿಸುವುದರಲ್ಲೂ ಇದೇ ತೊಡಕು. ನಿಯಮ ಗುಟ್ಟಾಗಿ ಬದಲಾಗುತ್ತದೆ ಎಂಬುದು ಒಮ್ಮೆ ತಿಳಿದವರಿಗೆ ಎರಡನೆಯ ಸಲ ಅದು ಬೇರೆಯೇ ಪರೀಕ್ಷೆ. ಪರಿಹಾರದ ಪ್ರಕರಣಗಳಲ್ಲಿ ಎರಡು ಕಡೆಯವರೂ ಬೇರೆ ಬೇರೆ ಕಡೆ ಪರೀಕ್ಷೆ ಮಾಡಿಸಿ, ಎರಡನೆಯ ಅಂಕ ಉತ್ತಮವಾದುದನ್ನು 'ಗುಣವಾಗಿದೆ' ಎಂದು ವಾದಿಸುತ್ತಾರೆ. ಕಂಪ್ಯೂಟರಿನಲ್ಲಿ ಇಂಥ ಆಟಗಳನ್ನು ಮೊದಲೇ ಆಡಿ ಹೋದವರ ಅಂಕವೂ ಹೀಗೆಯೇ ಕೆಡುತ್ತದೆ. ಹೋಗುವ ಮೊದಲು ಮನೆಯವರು ಅಭ್ಯಾಸ ಮಾಡಿಸಬೇಡಿ.

ಮತ್ತೆ ರೈಟರ್ ಅವರ ಪ್ರಕರಣಕ್ಕೆ ಬಂದರೆ, 44 ಪರ್ಸೆವರೇಟಿವ್ ತಪ್ಪು, ಪಿಯುಸಿ ಓದು, ಮೊದಲ ವಿಭಾಗವನ್ನು ಬೇಗ ಮುಗಿಸಿದ್ದು, ಹೆಂಡತಿ ಹೇಳಿದ ದರದ ವಿಷಯ, ಇವೆಲ್ಲ ಒಂದೇ ಕಡೆ ಬೊಟ್ಟು ಮಾಡುತ್ತವೆ. ಆದರೂ ಒಂದೇ ಪರೀಕ್ಷೆಯನ್ನು ನೆಚ್ಚಿ ತೀರ್ಮಾನಿಸುವುದು ಸಲ್ಲದು. ಒಂದು ನಿಮಿಷದಲ್ಲಿ ಒಂದೇ ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳಿಸುವುದು, ಎರಡು ಬಗೆಯ ಗುರುತುಗಳನ್ನು ಸರದಿಯಲ್ಲಿ ಗೆರೆ ಎಳೆದು ಜೋಡಿಸುವುದು, ಮುಷ್ಟಿ, ಅಂಗೈ ಅಂಚು, ಅಂಗೈ ಎಂದು ಮೂರು ಭಂಗಿಗಳನ್ನು ಮೇಜಿನ ಮೇಲೆ ಸತತವಾಗಿ ಮಾಡಿಸುವುದು, ಇವುಗಳಲ್ಲೂ ಅಂಟಿಕೊಳ್ಳುವ ಸ್ವಭಾವ ಕಂಡರೆ ತೀರ್ಮಾನ ಗಟ್ಟಿಯಾಗುತ್ತದೆ. ಕಾರ್ಡಿನಲ್ಲಿ ಮಾತ್ರ ಕಂಡರೆ ನಿದ್ದೆ ಕೆಟ್ಟಿತ್ತೇ, ಫಿಟ್ಸ್ ಮಾತ್ರೆಯ ಮಂಪರು ಇತ್ತೇ, ಖಿನ್ನತೆ ಇದೆಯೇ, ಹಿಂದಿನ ದಿನ ಕುಡಿದಿದ್ದರೇ ಎಂದು ವಿಚಾರಿಸಬೇಕು. ಇವು ಸಾಮಾನ್ಯವಾಗಿ ಎಲ್ಲ ಬಗೆಯ ತಪ್ಪುಗಳನ್ನೂ ಹೆಚ್ಚಿಸುತ್ತವೆ, ಪಟ್ಟು ಬಿಡದ ತಪ್ಪನ್ನಷ್ಟೇ ಅಲ್ಲ. ಹಾಗಾಗಿ ಒಟ್ಟು ತಪ್ಪಿನಲ್ಲಿ ಪರ್ಸೆವರೇಟಿವ್ ಪಾಲು ಎಷ್ಟು ಎಂಬುದು ಇಲ್ಲಿ ಬಹಳ ನೆರವಾಗುತ್ತದೆ. ಅವರದು 61ರಲ್ಲಿ 44.

'ದರ ಬದಲಾಗಿದೆ' ಎಂದು ಬಾಯಲ್ಲಿ ಹೇಳಿಯೂ ಕೈ ಹಳೆಯದನ್ನೇ ಬರೆಯುವುದು ಸೋಗಲ್ಲ, ಉಡಾಫೆಯೂ ಅಲ್ಲ. ತಿಳಿವಳಿಕೆ ಇದ್ದೂ ಅದು ಕೈಯನ್ನು ಹಿಡಿತಕ್ಕೆ ತೆಗೆದುಕೊಳ್ಳದಿರುವುದೇ ಈ ತೊಂದರೆಯ ಲಕ್ಷಣ. ಕಾರ್ಡ್ ಪರೀಕ್ಷೆಯಲ್ಲೂ 'ಇದು ತಪ್ಪಾಗತ್ತೆ' ಎನ್ನುತ್ತಲೇ ಅದೇ ಜಾಗದಲ್ಲಿ ಇಡುವವರಿದ್ದಾರೆ. ಪರೀಕ್ಷಕರು ಅಂಥ ಮಾತನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟರೆ ಅಂಕಕ್ಕಿಂತ ಹೆಚ್ಚು ಪ್ರಯೋಜನವಾಗುತ್ತದೆ. ಇದರಿಂದ ಮನೆಯಲ್ಲಿ ಮಾಡಬೇಕಾದದ್ದೂ ತಿಳಿಯುತ್ತದೆ. ಅಂಥವರಿಗೆ ಹೊಸ ದರವನ್ನು ಮತ್ತೆ ಮತ್ತೆ ನೆನಪಿಸುವುದರಿಂದ ಹೆಚ್ಚೇನೂ ಆಗದು, ಅದು ಅವರಿಗೆ ಗೊತ್ತೇ ಇದೆ. ಹಳೆಯ ಜಾಡಿಗೆ ಎಳೆಯುವ ವಸ್ತುವನ್ನು ಕಣ್ಣಿಂದ ದೂರ ಮಾಡಬೇಕು: ಅರೇಬಿಕಾ ಕೊಯ್ಲಿನ ಪುಸ್ತಕವನ್ನು ಎತ್ತಿಟ್ಟು ರೊಬಸ್ಟಾಗೆ ಬೇರೆ ಬಣ್ಣದ ಹೊಸ ಪುಸ್ತಕ ಕೊಡುವುದು, ಅದರ ಪ್ರತಿ ಪುಟದ ತಲೆಯಲ್ಲಿ ಹೊಸ ದರವನ್ನು ಮೊದಲೇ ಬರೆದಿಡುವುದು, ಪ್ರತಿ ಸಾಲು ಬರೆಯುವ ಮೊದಲು ಆ ದರವನ್ನು ಅವರೇ ಗಟ್ಟಿಯಾಗಿ ಓದುವುದು. ಬಾಯಲ್ಲಿ ಹೇಳಿಕೊಂಡು ಮಾಡಿದಾಗ ಕಾರ್ಡ್ ಪರೀಕ್ಷೆಯಲ್ಲೂ ಈ ತಪ್ಪುಗಳು ಇಳಿಯುವುದನ್ನು ಸ್ಕಿಝೋಫ್ರೀನಿಯಾ ಇರುವವರಲ್ಲಿ ಕಂಡಿದ್ದಾರೆ. ಮೊದಮೊದಲು ದಿನದ ಕೊನೆಗೆ ಇನ್ನೊಬ್ಬರು ಲೆಕ್ಕ ನೋಡಬೇಕಾಗುತ್ತದೆ. ಮುಂದಿನ ಸಲ ದರವೋ ಕೆಲಸವೋ ಬದಲಾದಾಗ, ಕೊಯ್ಲು ಮುಗಿದು ಕಸಿ ಶುರುವಾದಾಗ, ಮೊದಲ ಒಂದು ವಾರ ಮತ್ತೆ ಹಾಗೆಯೇ ಯಾರಾದರೂ ಜೊತೆಗಿರಬೇಕು.